ಮಾಸಿದ ಪಹಣಿಯಲ್ಲಿ ವಿಸ್ತೀರ್ಣ ಕಾಣದಿದ್ದರೆ ಆಕಾರದ ಅಂಕಿ ನೋಡಿ

ಪ್ರಶ್ನೆ: ನಮ್ಮ ಅಜ್ಜನ ಕಾಲದ ಕೈಬರಹದ ಪಹಣಿ ಇದೆ, 1968-69ರದ್ದು. ಸ್ಕ್ಯಾನ್ ಮಾಡಿಸಿದ್ದೇನೆ, ಆದರೆ ಶಾಯಿ ತುಂಬಾ ಮಾಸಿದೆ. ಸರ್ವೆ ನಂಬರ್ 83 ಅಥವಾ 86 ಅನ್ನಿಸುತ್ತೆ. ವಿಸ್ತೀರ್ಣ ಎಕರೆ-ಗುಂಟೆ ಲೆಕ್ಕದಲ್ಲಿ 2-16 ಇರಬಹುದು, 2-03 ಕೂಡ ಇರಬಹುದು. ಮಾಲೀಕರ ಜಾಗದಲ್ಲಿ ಎರಡು ಹೆಸರು ಅರ್ಧಂಬರ್ಧ ಕಾಣುತ್ತೆ. ಅಕ್ಷರ ಎತ್ತುವ ಆ್ಯಪ್‌ಗೆ ಹಾಕಿದರೆ ಏನೇನೋ ಬರುತ್ತೆ. ಸರ್ವೆ ನಂಬರುಗಳ ವಿಸ್ತೀರ್ಣ, ಕಂದಾಯ ಬರೆದಿಡುವ ಆಕಾರ್‌ಬಂದ್‌ನ ನಕಲು ಸಿಕ್ಕಿದೆ, ಅದರಲ್ಲಿ ಇಡೀ ನಂಬರಿನ ಒಟ್ಟು ಮಾತ್ರ ಇದೆ, ಹಿಸ್ಸಾ, ಅಂದರೆ ಪಾಲುಗಳನ್ನು, ಬಿಡಿಸಿಲ್ಲ. ಈ ಮೂರನ್ನೂ ಸರಿಯಾಗಿ ತೆಗೆಯುವುದು ಹೇಗೆ?

ಉತ್ತರ: ನೀವು ಕಳಿಸಿದ ಪಹಣಿಯ ಸ್ಕ್ಯಾನ್, ಅದರ ಕಲರ್ ಫೋಟೊ, ಆಕಾರ್‌ಬಂದ್ ನಕಲು ನೋಡಿದೆ. ನೀವು ಕೇಳಿದ ಮೂರನ್ನೂ ನಿಮ್ಮ ಹಾಳೆಯಿಂದ ಓದಬಹುದು. ಆದರೆ ಕಣ್ಣಿನಿಂದ ಮಾತ್ರ ಆಗುವ ಕೆಲಸ ಅಲ್ಲ ಇದು. ಅರ್ಧ ಕೆಲಸ ಚಿತ್ರದ್ದು, ಉಳಿದರ್ಧ ಲೆಕ್ಕದ್ದು. ಜಾಸ್ತಿ ಜನ ಚಿತ್ರವನ್ನೇ ತಿದ್ದುತ್ತಾ ಕೂರುತ್ತಾರೆ, ಲೆಕ್ಕದ ಕಡೆ ಹೋಗುವುದೇ ಇಲ್ಲ. ನಿಮ್ಮ ಅಂಕಿಗಳ ಗೊಂದಲ ಬಗೆಹರಿದದ್ದು ಲೆಕ್ಕದಿಂದಲೇ.

ಮೊದಲು ಚಿತ್ರದ ವಿಷಯ. ನಿಮ್ಮ ಸ್ಕ್ಯಾನ್ ಮೊಬೈಲ್‌ನ ಸ್ಕ್ಯಾನ್ ಆ್ಯಪ್‌ನಲ್ಲಿ ತೆಗೆದದ್ದು ಅಂತ ಕಾಣುತ್ತದೆ. ಕಾಗದ ಅಚ್ಚ ಬಿಳಿ, ಅಕ್ಷರ ಅಚ್ಚ ಕಪ್ಪು, ನಡುವೆ ಏನೂ ಇಲ್ಲ. ಹೊಸ ಕಾಗದಕ್ಕೆ ಇದು ಚೆನ್ನ. ಮಾಸಿದ ಶಾಯಿಗೆ ಇದೇ ಶತ್ರು. ಆ್ಯಪ್ ಪ್ರತಿ ಚುಕ್ಕೆಗೂ ಕಪ್ಪಾ, ಬಿಳಿಯಾ ಅಂತ ತೀರ್ಮಾನ ಮಾಡಿಬಿಡುತ್ತದೆ. ತೆಳು ಕಂದು ಗೆರೆ ಇದ್ದ ಕಡೆ ಬಿಳಿ ಅಂತ ಬರೆದುಬಿಟ್ಟರೆ ಆ ಗೆರೆ ಹೋಯಿತು. ಆಮೇಲೆ ಯಾವ ಸಾಫ್ಟ್‌ವೇರ್‌ನಿಂದಲೂ ಅದು ವಾಪಸ್ ಬರುವುದಿಲ್ಲ. ಹಾಗಾಗಿ ಹಾಳೆ ಇನ್ನೂ ನಿಮ್ಮ ಕೈಯಲ್ಲಿದ್ದರೆ ಮತ್ತೊಮ್ಮೆ ಸ್ಕ್ಯಾನ್ ಮಾಡಿಸಿ. ಫ್ಲ್ಯಾಟ್‌ಬೆಡ್ ಸ್ಕ್ಯಾನರ್ ಬೇಕು, 600 ಡಿಪಿಐ, ಕಲರ್, ಟಿಫ್ ಫೈಲ್. ಅಂಗಡಿಯವರು ಕಪ್ಪು ಬಿಳುಪು ಸಾಕು ಎನ್ನುತ್ತಾರೆ, ಒಪ್ಪಬೇಡಿ. ಜೆಪೆಗ್ ಯಾಕೆ ಬೇಡ ಅಂದರೆ, ಫೈಲ್ ಚಿಕ್ಕದು ಮಾಡಲು ಅದು ಮೊದಲು ಕಡಿಮೆ ಮಾಡುವುದು ಬಣ್ಣದ ವಿವರವನ್ನು. ನಮಗೆ ಬೇಕಿರುವುದೇ ಬಣ್ಣದ ಆ ಸಣ್ಣ ವ್ಯತ್ಯಾಸ.

ಬಣ್ಣ ಯಾಕೆ ಅಷ್ಟು ಮುಖ್ಯ ಅಂತ ಒಂದು ಮಾತಿನಲ್ಲಿ ಹೇಳುತ್ತೇನೆ. ಆಗಿನ ನೀಲಿಗಪ್ಪು ಶಾಯಿಯಲ್ಲಿ ನೀಲಿ ಬಣ್ಣದ ಜೊತೆ ಕಬ್ಬಿಣದ ಅಂಶವೂ ಇರುತ್ತಿತ್ತು. ಬೆಳಕಿಗೆ ನೀಲಿ ಹೋಗುತ್ತದೆ, ಕಬ್ಬಿಣದ ಕಂದು ಉಳಿಯುತ್ತದೆ. ಕಂದು ಬಣ್ಣ ನೀಲಿ ಬೆಳಕನ್ನು ಹೀರಿಕೊಳ್ಳುತ್ತದೆ. ಆದ್ದರಿಂದ ಕಲರ್ ಸ್ಕ್ಯಾನಿನಲ್ಲಿರುವ ಕೆಂಪು, ಹಸಿರು, ನೀಲಿ ಎಂಬ ಮೂರು ಪದರಗಳನ್ನು ಬಿಡಿಸಿ ನೋಡಿದರೆ, ಕೆಂಪು ಪದರದಲ್ಲಿ ಇಲ್ಲವೇ ಇಲ್ಲ ಅನ್ನಿಸುವ ಅಕ್ಷರ ನೀಲಿ ಪದರದಲ್ಲಿ ಎದ್ದು ಕಾಣುತ್ತದೆ. ನಿಮ್ಮ ಹಾಳೆಯ ಬರಹ ಕಂದು, ಹಾಗಾಗಿ ನೀಲಿ ಪದರ. ಶಾಯಿ ಇನ್ನೂ ನೀಲಿಯಾಗಿಯೇ ಉಳಿದಿದ್ದರೆ ಕೆಂಪು ಪದರ ನೋಡಬೇಕು. ನೇರಳೆ ಶಾಯಿಗೆ ಹಸಿರು ಪದರ.

ಜಿಂಪ್ ಎಂಬ ಉಚಿತ ಸಾಫ್ಟ್‌ವೇರ್ ಸಾಕು. ಚಿತ್ರ ತೆರೆದು `Colors > Components > Decompose` ಒತ್ತಿದರೆ ಮೂರು ಪದರ ಬೇರೆ ಬೇರೆ ಬರುತ್ತವೆ. ನೀಲಿಯನ್ನು ಉಳಿಸಿ ಉಳಿದೆರಡನ್ನು ಮರೆಮಾಡಿ. ಈಗ ಅಕ್ಷರ ಕಾಣುತ್ತದೆ, ಆದರೆ ಕಾಗದದ ಹಳದಿ ಕಲೆಗಳೂ ಅಷ್ಟೇ ಕಪ್ಪಾಗಿ ಬರುತ್ತವೆ, ಯಾಕಂದರೆ ಹಳದಿಯೂ ನೀಲಿಯನ್ನು ಹೀರುತ್ತದೆ. ಇದನ್ನು ತೆಗೆಯಲು ಆ ಪದರದ ಇನ್ನೊಂದು ನಕಲು ಮೇಲೆ ಇಟ್ಟು, ಅದಕ್ಕೆ `Filters > Blur > Gaussian Blur` ಕೊಡಿ. ಅಕ್ಷರವೆಲ್ಲ ಕರಗಿ ಬರೀ ಕಲೆ ಉಳಿಯುವಷ್ಟು ಮಸುಕು ಬೇಕು. ಒಂದು ಅಕ್ಷರದ ಎತ್ತರದಷ್ಟಾದರೂ ಇರಲಿ, 600 ಡಿಪಿಐನಲ್ಲಿ ಸುಮಾರು 100 ಪಿಕ್ಸೆಲ್. ಆಮೇಲೆ ಆ ಮೇಲಿನ ಪದರದ ಮೋಡ್ `Divide` ಮಾಡಿ. ಕಲೆಯನ್ನು ಕಲೆಯಿಂದ ಭಾಗಿಸಿದ ಹಾಗಾಗಿ ಹಿನ್ನೆಲೆ ಒಂದೇ ಸಮ ಬಿಳಿಯಾಗುತ್ತದೆ, ಅಕ್ಷರ ಮಾತ್ರ ಉಳಿಯುತ್ತದೆ. ಕೊನೆಗೆ `Colors > Levels`ನಲ್ಲಿ ಸ್ವಲ್ಪ ಗಾಢ ಮಾಡಿ. ಹಾಳೆ ಹತ್ತಾರು ಇದ್ದು ಪೈಥಾನ್ ಗೊತ್ತಿದ್ದರೆ ಇದೇ ಕೆಲಸ ಇಷ್ಟರಲ್ಲಿ ಮುಗಿಯುತ್ತದೆ:

```python
import cv2
img = cv2.imread("pahani.tif")
b, g, r = cv2.split(img)
bg = cv2.medianBlur(b, 101)
flat = cv2.divide(b, bg, scale=255)
cv2.imwrite("flat.png", flat)
```

ಇಷ್ಟಕ್ಕೇ ನಿಲ್ಲಿಸಿ. ಇನ್ನೂ ಚೂಪು, ಇನ್ನೂ ಕಪ್ಪು ಅಂತ ಎಳೆಯುತ್ತಾ ಹೋದರೆ ಕಾಗದದ ನಾರು ಕೂಡ ಗೆರೆಯಾಗಿ ಕಾಣತೊಡಗುತ್ತದೆ. ಒಂದು ಗೆರೆ ನಿಜವೋ ಅಲ್ಲವೋ ಎಂದು ತಿಳಿಯಲು ತಿದ್ದದ ಕಲರ್ ಚಿತ್ರವನ್ನು ಪಕ್ಕದಲ್ಲೇ ತೆರೆದಿಟ್ಟುಕೊಳ್ಳಿ. ಅದರಲ್ಲಿ ಅದೇ ಜಾಗದಲ್ಲಿ ಕಂದು ಛಾಯೆ ಸ್ವಲ್ಪವಾದರೂ ಇರಬೇಕು. ಇಲ್ಲದಿದ್ದರೆ ಆ ಗೆರೆಯನ್ನು ನಂಬಬೇಡಿ. ಮೂಲ ಹಾಳೆಯ ಮೇಲೆ ನೀರು ಹಚ್ಚುವುದು, ಪೆನ್ನಿನಿಂದ ತಿದ್ದುವುದು, ಲ್ಯಾಮಿನೇಶನ್ ಮಾಡಿಸುವುದು ಯಾವುದೂ ಬೇಡ.

ಆ್ಯಪ್ ಯಾಕೆ ಏನೇನೋ ಕೊಡುತ್ತದೆ ಅಂದರೆ, ಅಂಥವು ಹೆಚ್ಚಾಗಿ ಅಚ್ಚಿನ ಅಕ್ಷರಕ್ಕೆ ಮಾಡಿದಂಥವು. ಶಾನುಭೋಗರ ಕೂಡಿಸಿ ಬರೆದ ಕೈಬರಹ ಅದಕ್ಕೆ ಸಿಗುವುದಿಲ್ಲ. ಅಕ್ಷರ ತಪ್ಪಾದರೆ ನಮಗೆ ಗೊತ್ತಾಗುತ್ತದೆ, ಅರ್ಥವಿಲ್ಲದ ಮಾತು ಬರುತ್ತದೆ ಅಲ್ವಾ. ಅಂಕಿ ತಪ್ಪಾದರೆ ಗೊತ್ತಾಗುವುದಿಲ್ಲ. 2-16 ಇದ್ದದ್ದು 2-03 ಅಂತ ಬಂದರೂ ನೋಡಲು ಸರಿಯಾಗಿಯೇ ಇರುತ್ತದೆ. ಆದ್ದರಿಂದ ಈ ಕೆಲಸಕ್ಕೆ ಆ್ಯಪ್ ಬಿಟ್ಟುಬಿಡಿ.

ಈಗ ಅಂಕಿ. ಮೊದಲು ಮಾಡಬೇಕಾದ್ದು ಬರೆದವರ ಕೈಯನ್ನು ಕಲಿಯುವುದು. ನಿಮ್ಮ ಹಾಳೆಯ ಮೇಲ್ಗಡೆ ಸಾಲು ನೋಡಿ, ೧೯೬೮-೬೯ ಎಂದು ಅದೇ ಕೈಯಲ್ಲಿ ಬರೆದಿದೆ. ಇದು ಯಾವ ವರ್ಷ ಎಂದು ನಮಗೆ ಮೊದಲೇ ಗೊತ್ತು. ಅಂದರೆ ಆ ಬರಹಗಾರರ ೧ ಹೇಗಿದೆ, ೬ ಹೇಗಿದೆ, ೮, ೯ ಹೇಗಿವೆ ಎಂಬುದಕ್ಕೆ ಅನುಮಾನವಿಲ್ಲದ ಮಾದರಿ ಅಲ್ಲೇ ಇದೆ. ೬ ಎರಡು ಸಲ ಸಿಗುತ್ತದೆ, ೯ ಕೂಡ ಎರಡು ಸಲ. ಆ ಅಂಕಿಗಳನ್ನು ಕತ್ತರಿಸಿ ಒಂದು ಸಾಲಿನಲ್ಲಿ ಜೋಡಿಸಿಕೊಂಡು, ಅನುಮಾನ ಇರುವ ಅಂಕಿಯನ್ನು ಅದರ ಕೆಳಗೆ ಇಟ್ಟು ನೋಡಿ.

ಮಾಸಿದ ಕನ್ನಡ ಅಂಕಿಗಳಲ್ಲಿ ಎರಡು ಜೋಡಿ ಮೋಸ ಮಾಡುತ್ತವೆ. ಒಂದು ೦ ಮತ್ತು ೧. ಒಂದರ ಕೆಳಗಡೆ ಬಾಯಿ ತೆರೆದಿರುತ್ತದೆ. ಶಾಯಿ ಹರಡಿ ಆ ಬಾಯಿ ಮುಚ್ಚಿದರೆ ಅದು ಸೊನ್ನೆ. ಸೊನ್ನೆಯ ಕೆಳಗಿನ ಗೆರೆ ಅಳಿಸಿದರೆ ಅದು ಒಂದು. ಇನ್ನೊಂದು ಜೋಡಿ ೩ ಮತ್ತು ೬. ಎರಡರ ಮೇಲ್ಭಾಗ ಹೆಚ್ಚುಕಡಿಮೆ ಒಂದೇ, ಇರುವ ವ್ಯತ್ಯಾಸವೆಲ್ಲ ಕೆಳಗಿನ ಬಾಲದಲ್ಲಿ. ಆರರ ಬಾಲ ಹೊರಳಿ ಬಲಕ್ಕೆ ಹೋಗುತ್ತದೆ, ಮೂರರದ್ದು ಹಾಗೆ ಹೋಗುವುದಿಲ್ಲ. ಅದ್ದಿ ಬರೆಯುವ ಪೆನ್ನಿನಲ್ಲಿ ಕೆಳಕ್ಕೆ ಎಳೆದ ಗೆರೆ ದಪ್ಪ, ಕೊನೆಗೆ ಬಿಡುವ ಬಾಲ ತೆಳು. ಮಾಸುವಾಗ ಮೊದಲು ಹೋಗುವುದು ಆ ತೆಳು ಬಾಲವೇ. ಹಾಗಾಗಿ ೬ ಮಾಸಿ ೩ ಆಗುವುದು ಸಹಜ. ೩ ಮಾಸಿ ೬ ಆಗುವುದು ಅಪರೂಪ, ಕಲೆಯೋ ಮಡಿಕೆಯೋ ಅಡ್ಡ ಬಂದಿದ್ದರೆ ಮಾತ್ರ.

ನಿಮ್ಮ ಹಾಳೆಯಲ್ಲಿ ಈ ಎರಡೂ ಜೋಡಿ ಒಂದೇ ಕಡೆ ಬಂದಿವೆ. ಅದಕ್ಕೇ ಇಷ್ಟು ಕಷ್ಟವಾಗಿದೆ. ಸರ್ವೆ ನಂಬರಿನ ಎರಡನೇ ಅಂಕಿ ೩ ಅಥವಾ ೬. ವಿಸ್ತೀರ್ಣದಲ್ಲಿ ಎಕರೆ 2 ಎಂಬುದು ಸ್ಪಷ್ಟ. ಗುಂಟೆಯ ಮೊದಲ ಅಂಕಿ ೦ ಅಥವಾ ೧, ಎರಡನೆಯದು ೩ ಅಥವಾ ೬. ನೀವು ಎರಡೇ ಸಾಧ್ಯತೆ ಬರೆದಿದ್ದೀರಿ, ನಿಜವಾಗಿ ನಾಲ್ಕಿವೆ: 2-03, 2-06, 2-13, 2-16. ಅನುಮಾನದ ಪ್ರತಿ ಅಂಕಿಗೂ ಎಲ್ಲ ಸಾಧ್ಯತೆ ಬರೆದುಕೊಳ್ಳಬೇಕು. ಮನಸ್ಸಿಗೆ ಮೊದಲು ಬಂದದ್ದನ್ನು ಹಿಡಿದುಕೊಂಡರೆ ಆಮೇಲೆ ಕಣ್ಣು ಅದನ್ನೇ ಕಾಣುತ್ತದೆ.

ಇಲ್ಲಿಂದ ಲೆಕ್ಕ. ಪಹಣಿಯಲ್ಲಿ ವಿಸ್ತೀರ್ಣ ಒಂಟಿಯಾಗಿ ಇರುವುದಿಲ್ಲ, ಪಕ್ಕದಲ್ಲಿ ಆಕಾರ, ಅಂದರೆ ಭೂಕಂದಾಯ, ಇರುತ್ತದೆ. ಒಂದು ಸರ್ವೆ ನಂಬರನ್ನು ಹಿಸ್ಸಾ ಮಾಡಿದಾಗ ಜಮೀನು ಒಂದೇ ತರಹದ್ದಾಗಿದ್ದರೆ ಆಕಾರವನ್ನೂ ವಿಸ್ತೀರ್ಣಕ್ಕೆ ತಕ್ಕ ಹಾಗೆ ಹಂಚುತ್ತಾರೆ. ಅಂದರೆ ಎಕರೆಗೆ ಇಷ್ಟು ಎಂಬ ದರ ಇಡೀ ನಂಬರಿಗೂ ಹಿಸ್ಸಾಗೂ ಒಂದೇ. ವಿಸ್ತೀರ್ಣ ಮಾಸಿದ್ದರೆ ಆಕಾರ ಅದಕ್ಕೆ ಸಾಕ್ಷಿ, ಆಕಾರ ಮಾಸಿದ್ದರೆ ವಿಸ್ತೀರ್ಣ ಸಾಕ್ಷಿ. ಎರಡೂ ಅರ್ಧರ್ಧ ಮಾಸಿದ್ದರೂ ಒಂದಕ್ಕೊಂದು ಹೊಂದುವ ಜೋಡಿ ಸಾಮಾನ್ಯವಾಗಿ ಒಂದೇ ಇರುತ್ತದೆ.

ನಿಮ್ಮ ಆಕಾರ್‌ಬಂದ್ ನಕಲಿನಲ್ಲಿ 83ನೇ ನಂಬರಿಗೆ ಒಟ್ಟು 6-30, ಅದರಲ್ಲಿ ಸಾಗುವಳಿಗೆ ಬಾರದ ಖರಾಬು 0-10, ಬಾಕಿ 6-20, ಆಕಾರ 9 ರೂಪಾಯಿ 75 ಪೈಸೆ ಇದೆ. ಖರಾಬಿಗೆ ಕಂದಾಯ ಇಲ್ಲ, ಆದ್ದರಿಂದ ಬಾಕಿ ವಿಸ್ತೀರ್ಣವನ್ನೇ ತೆಗೆದುಕೊಳ್ಳಬೇಕು. ಎಕರೆಗೆ 40 ಗುಂಟೆ, ಹಾಗಾಗಿ 6-20 ಅಂದರೆ ಆರೂವರೆ ಎಕರೆ. 9.75ನ್ನು 6.5ರಿಂದ ಭಾಗಿಸಿದರೆ ಎಕರೆಗೆ 1 ರೂಪಾಯಿ 50 ಪೈಸೆ. ಅದೇ ನಕಲಿನಲ್ಲಿ 86ನೇ ನಂಬರಿಗೆ ಒಟ್ಟು 4-12, ಖರಾಬು 0-02, ಬಾಕಿ 4-10, ಆಕಾರ 8 ರೂಪಾಯಿ 50 ಪೈಸೆ. 4-10 ಅಂದರೆ ನಾಲ್ಕೂಕಾಲು ಎಕರೆ. ದರ ಎಕರೆಗೆ 2 ರೂಪಾಯಿ.

ಈಗ ನಿಮ್ಮ ಹಾಳೆಯ ಆಕಾರದ ಕಾಲಂ. ಅಲ್ಲಿ ರೂಪಾಯಿಯ ಜಾಗದಲ್ಲಿ ೩ ಅಥವಾ ೬, ಪೈಸೆಯ ಮೊದಲ ಅಂಕಿಯೂ ೩ ಅಥವಾ ೬, ಕೊನೆಯ ಸೊನ್ನೆ ಮಾತ್ರ ಸ್ಪಷ್ಟ. ಮೊದಲು 86 ಎಂದುಕೊಂಡು ನೋಡೋಣ. ಎಕರೆಗೆ 2 ರೂಪಾಯಿಯಂತೆ 2-03ಕ್ಕೆ 4 ರೂಪಾಯಿ 15 ಪೈಸೆ, 2-06ಕ್ಕೆ 4.30, 2-13ಕ್ಕೆ 4.65, 2-16ಕ್ಕೆ 4.80. ನಾಲ್ಕಕ್ಕೆ ನಾಲ್ಕೂ 4 ರೂಪಾಯಿಯ ಮೇಲೆ. ನಿಮ್ಮ ಹಾಳೆಯಲ್ಲಿ ರೂಪಾಯಿಯ ಜಾಗದಲ್ಲಿ ಇರುವುದು ೩ ಆಗಲಿ ೬ ಆಗಲಿ, ೪ ಅಂತೂ ಅಲ್ಲವೇ ಅಲ್ಲ. ಹಾಗಾಗಿ 86 ಬಿದ್ದುಹೋಯಿತು.

83 ಎಂದುಕೊಂಡರೆ ದರ ಒಂದೂವರೆ ರೂಪಾಯಿ. 2-03ಕ್ಕೆ 3 ರೂಪಾಯಿ 11 ಪೈಸೆ, 2-06ಕ್ಕೆ 3.22ರ ಆಸುಪಾಸು, 2-13ಕ್ಕೆ 3.49, 2-16ಕ್ಕೆ ಸರಿಯಾಗಿ 3.60. ಹಾಳೆಯಲ್ಲಿ ಓದಬಹುದಾದದ್ದು 3-30 ಅಥವಾ 3-60. 3-30 ಬರಬೇಕಾದರೆ ವಿಸ್ತೀರ್ಣ 2-08 ಇರಬೇಕು, ಅದು ನಮ್ಮ ನಾಲ್ಕು ಸಾಧ್ಯತೆಯಲ್ಲಿ ಇಲ್ಲ. ಉಳಿದದ್ದು ಒಂದೇ ಜೋಡಿ: ಸರ್ವೆ ನಂಬರ್ 83, ವಿಸ್ತೀರ್ಣ 2-16, ಆಕಾರ 3-60. ಇದನ್ನು ಗೊತ್ತುಮಾಡಿಕೊಂಡು ಚಿತ್ರಕ್ಕೆ ವಾಪಸ್ ಹೋದೆ. ಗುಂಟೆಯ ಎರಡನೇ ಅಂಕಿಯ ಕೆಳಗೆ, ಬಲಕ್ಕೆ, ಕೂದಲೆಳೆಯಂಥ ಒಂದು ಛಾಯೆ ಇದೆ. ಮೇಲಿನ ೧೯೬೮ರ ಆರಕ್ಕೆ ಇರುವ ಬಾಲದ ಜಾಗಕ್ಕೆ ಅದು ಸರಿಯಾಗಿ ಕೂರುತ್ತದೆ. ಸರ್ವೆ ನಂಬರಿನ ಎರಡನೇ ಅಂಕಿಯಲ್ಲಿ ಆ ಛಾಯೆ ಇಲ್ಲ.

ಇನ್ನೊಂದು ಪರೀಕ್ಷೆ ಬಾಕಿ ಇದೆ, ಅದನ್ನು ನೀವೇ ಮಾಡಬೇಕು. 6-20ರಲ್ಲಿ 2-16 ಕಳೆದರೆ 4-04. 9.75ರಲ್ಲಿ 3.60 ಕಳೆದರೆ 6.15. ಈ ನಂಬರಿನ ಉಳಿದ ಹಿಸ್ಸಾಗಳ ಅದೇ ವರ್ಷದ ಪಹಣಿ ತೆಗೆಸಿದರೆ ಅವೆಲ್ಲದರ ಬಾಕಿ ವಿಸ್ತೀರ್ಣ ಸೇರಿ 4-04, ಆಕಾರ ಸೇರಿ 6 ರೂಪಾಯಿ 15 ಪೈಸೆ ಬರಬೇಕು. ಒಂದೆರಡು ಪೈಸೆ ಆಚೀಚೆ ಆದರೆ ಚಿಂತೆ ಬೇಡ, ಹಂಚುವಾಗ ಪೂರ್ಣ ಮಾಡಿರುತ್ತಾರೆ. ಗುಂಟೆಯೇ ಹೊಂದದಿದ್ದರೆ ನಮ್ಮ ಓದು ತಪ್ಪು ಅಥವಾ ಇನ್ನೊಂದು ಹಿಸ್ಸಾ ಎಲ್ಲೋ ಬಿಟ್ಟುಹೋಗಿದೆ.

ಈ ಲೆಕ್ಕ ಕೈಕೊಡುವ ಸಂದರ್ಭವನ್ನೂ ಹೇಳಬೇಕು. ಒಂದೇ ನಂಬರಿನಲ್ಲಿ ಸ್ವಲ್ಪ ಮಳೆಯಾಶ್ರಿತ ಖುಷ್ಕಿ, ಸ್ವಲ್ಪ ನೀರಾವರಿಯ ತರಿ ಅಥವಾ ತೋಟದ ಬಾಗಾಯ್ತು ಇದ್ದರೆ ದರ ಒಂದೇ ಇರುವುದಿಲ್ಲ. ಮಣ್ಣಿನ ದರ್ಜೆ ನೋಡಿ ಹಂಚಿದ್ದರೂ ಹಾಗೆಯೇ. ಪಹಣಿಯಲ್ಲಿ ಜಮೀನಿನ ಬಗೆ ಬರೆದಿರುತ್ತದೆ, ನಿಮ್ಮದರಲ್ಲಿ ಖುಷ್ಕಿ ಎಂದು ಓದಬಹುದು, ಆಕಾರ್‌ಬಂದ್‌ನಲ್ಲೂ ಇಡೀ ನಂಬರ್ ಖುಷ್ಕಿಯೇ. ಆದ್ದರಿಂದ ಇಲ್ಲಿ ಧೈರ್ಯವಾಗಿ ಹೇಳುತ್ತಿದ್ದೇನೆ. ಇನ್ನೊಂದು ಎಚ್ಚರ, ಕಂದಾಯದ ಕಾಲಂನಲ್ಲಿ ಭೂಕಂದಾಯದ ಕೆಳಗೆ ಇನಾಂ ಜಮೀನಿನ ಜೋಡಿ ಕಂದಾಯ, ಸೆಸ್ಸು, ನೀರಿನ ದರ ಅಂತ ಬೇರೆ ಸಾಲುಗಳಿದ್ದು ಕೊನೆಗೆ ಒಟ್ಟು ಇರುತ್ತದೆ. ನಮಗೆ ಬೇಕಾದದ್ದು ಮೊದಲ ಸಾಲು, ಒಟ್ಟು ಅಲ್ಲ. 1957ಕ್ಕಿಂತ ಹಿಂದಿನ ಕಾಗದವಾದರೆ ದುಡ್ಡು ರೂಪಾಯಿ, ಆಣೆ, ಪೈ ಲೆಕ್ಕದಲ್ಲಿರುತ್ತದೆ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಅದನ್ನು ಮೊದಲು ಬದಲಾಯಿಸಿಕೊಂಡೇ ದರ ತೆಗೆಯಬೇಕು.

ಹೆಸರಿನ ಕೆಲಸ ಬೇರೆ ತರಹದ್ದು. ಅಲ್ಲಿ ಕೂಡಿ ಕಳೆದು ನೋಡಲು ಆಗುವುದಿಲ್ಲ. ಆದರೆ ತಂದೆಯ ಹೆಸರು ತಿಳಿಸುವ ಬಿನ್ ಇದೆ. ನಿಮ್ಮ ಹಾಳೆಯ 9ನೇ ಕಾಲಂನಲ್ಲಿ ಎರಡು ಸಾಲು. ಮೇಲಿನದು ನಂಜ ಎಂದು ಶುರುವಾಗಿ ಏನೋ ಒತ್ತಕ್ಷರದಲ್ಲಿ ಮುಗಿಯುತ್ತದೆ, ಆಮೇಲೆ ಬಿನ್ ಸಿದ್ದಯ್ಯ. ಕೆಳಗಿನದು ಸಿದ್ದಲಿಂಗಪ್ಪ ಬಿನ್, ಆಮೇಲೆ ಮತ್ತೆ ನಂಜ ಎಂದು ಶುರುವಾಗುವ ಹೆಸರು. ಅಂದರೆ ಒಂದೇ ಹೆಸರು ಎರಡು ಕಡೆ ಬಂದಿದೆ, ಮೇಲೆ ಮಾಲೀಕರಾಗಿ, ಕೆಳಗೆ ತಂದೆಯಾಗಿ. ಮಾಸಿರುವುದು ಎರಡು ಕಡೆ ಒಂದೇ ತರಹ ಅಲ್ಲ. ಮೇಲಿನ ಸಾಲಿನಲ್ಲಿ ಕೊನೆಯ ಅಕ್ಷರದ ತಲೆ ಹೋಗಿದೆ, ಒತ್ತು ಉಳಿದಿದೆ. ಕೆಳಗಿನ ಸಾಲಿನಲ್ಲಿ ಒತ್ತಿನ ಜಾಗಕ್ಕೆ ಮಡಿಕೆ ಬಂದಿದೆ, ಅಕ್ಷರದ ಮೈ ಉಳಿದಿದೆ. ನಂಜಪ್ಪನೋ ನಂಜಯ್ಯನೋ ಎಂಬುದೇ ಪ್ರಶ್ನೆ. ಯ ಒತ್ತು ಬಲಕ್ಕೆ ಬಾಗಿ ಮೇಲಕ್ಕೆ ಏಳುವ ಉದ್ದ ಬಾಲ. ಪ ಒತ್ತು ಅಕ್ಷರದ ಕೆಳಗೆ ಅಡಗಿ ಕೂತಿರುತ್ತದೆ. ಮೇಲಿನ ಸಾಲಿನಲ್ಲಿ ಆ ಬಾಲ ಬಿನ್‌ನ ಬ ಅಕ್ಷರದ ತನಕ ಹೋಗಿದೆ. ಪಕ್ಕದ ಸಿದ್ದಯ್ಯದ ಬಾಲವೂ ಅದೇ ರೀತಿ. ಕೆಳಗಿನ ಸಾಲಿನಲ್ಲಿ ಕಾಣುವ ಮೈಯೂ ಯ ಅಕ್ಷರದ್ದೇ. ಹಾಗಾಗಿ ನಂಜಯ್ಯ.

ಇನ್ನು ಮುಖ್ಯವಾದ ಮಾತು. ಇಬ್ಬರೂ ಮಾಲೀಕರು ಅಂತ ಬರೆದುಕೊಳ್ಳಬೇಡಿ. ಕಲರ್ ಫೋಟೊದಲ್ಲಿ ನೋಡಿದರೆ ಮೇಲಿನ ಹೆಸರಿನ ಸುತ್ತ ತೆಳು ಕೆಂಪು ಶಾಯಿಯಲ್ಲಿ ಕಂಸ ಹಾಕಿದೆ. ನಿಮ್ಮ ಕಪ್ಪು ಬಿಳುಪು ಸ್ಕ್ಯಾನಿನಲ್ಲಿ ಅದರ ಎಡಗಡೆ ತುಣುಕೊಂದು ಮಾತ್ರ ಕಲೆಯ ಹಾಗೆ ಉಳಿದಿದೆ. ಖಾತೆ ಬದಲಾದಾಗ ಹಳೇ ಹೆಸರಿಗೆ ಕಂಸ ಹಾಕಿ ಅಥವಾ ಗೆರೆ ಎಳೆದು, ಕೆಳಗೆ ಹೊಸ ಹೆಸರು ಬರೆದು, 10ನೇ ಕಾಲಂನಲ್ಲಿ ಎಂ.ಆರ್., ಅಂದರೆ ಖಾತೆ ಬದಲಾವಣೆ ಪುಸ್ತಕದ, ನಂಬರ್ ಹಾಕುವುದು ರೂಢಿ. ನಿಮ್ಮ 10ನೇ ಕಾಲಂನಲ್ಲಿ ಎಂ.ಆರ್. ಎಂಬುದೂ, ಅದರ ಮುಂದೆ ಪೌತಿ ಎಂಬ ಮಾತೂ ಓದಲು ಬರುತ್ತದೆ. ನಂಜಯ್ಯನವರು ತೀರಿಕೊಂಡ ಮೇಲೆ ಮಗ ಸಿದ್ದಲಿಂಗಪ್ಪನವರಿಗೆ ಖಾತೆ ಆಗಿದೆ ಎಂದು ಅರ್ಥ. ಈ ಹಾಳೆಯ ಪ್ರಕಾರ ಮಾಲೀಕರು ಒಬ್ಬರೇ.

ಈ ಕೆಂಪು ಶಾಯಿಯ ವಿಷಯದಲ್ಲಿ ನಾನೇ ಒಮ್ಮೆ ಎಡವಿದ್ದೇನೆ. ಕೆಲಸ ಶುರು ಮಾಡಿದ ಹೊಸತರಲ್ಲಿ ಒಂದು ಕುಟುಂಬದ ಪಹಣಿ ಓದಿಕೊಟ್ಟೆ. ಬರಹ ನೀಲಿಯಾಗಿತ್ತು, ಕೆಂಪು ಪದರದಲ್ಲಿ ಬಹಳ ಚೆನ್ನಾಗಿ ಕಂಡಿತು, ಅದರಲ್ಲೇ ಪೂರ್ತಿ ಓದಿದೆ. ಕೆಂಪು ಪದರದಲ್ಲಿ ಕೆಂಪು ಶಾಯಿ ಕಾಗದದಷ್ಟೇ ಬೆಳ್ಳಗೆ ಕಾಣುತ್ತದೆ, ಅಂದರೆ ಕಾಣುವುದೇ ಇಲ್ಲ. ಹೊಡೆದು ಹಾಕಿದ್ದ ಹೆಸರನ್ನು ಜಂಟಿ ಮಾಲೀಕರೆಂದು ಬರೆದುಕೊಟ್ಟೆ. ಆ ಮನೆಯ ಅಣ್ಣತಮ್ಮಂದಿರ ನಡುವೆ ಎರಡು ತಿಂಗಳು ಮಾತುಕತೆ ಕೆಟ್ಟಿತು. ಆವತ್ತಿನಿಂದ ಹೆಸರಿನ ಕಾಲಂ ಅನ್ನು ಮೂರೂ ಪದರದಲ್ಲಿ ನೋಡದೆ ಬಿಡುವುದಿಲ್ಲ. ಕೆಂಪು ಗೆರೆ ಹುಡುಕಲು ಹಸಿರು ಪದರ ಒಳ್ಳೆಯದು.

9ನೇ ಕಾಲಂ ಬಿಟ್ಟು 12ನೇ ಕಾಲಂನಲ್ಲೂ ಒಂದು ಹೆಸರು ಕಾಣುತ್ತದೆ. ಅದು ಸಾಗುವಳಿ ಮಾಡುತ್ತಿದ್ದವರದು. ಮಾಲೀಕರೇ ಉಳುತ್ತಿದ್ದರೆ ಸ್ವಂತ ಎಂದೋ ಅದೇ ಹೆಸರೋ ಇರುತ್ತದೆ. ಬೇರೆ ಹೆಸರಿದ್ದರೆ ಅದನ್ನು ಮಾಲೀಕರ ಪಟ್ಟಿಗೆ ಸೇರಿಸಬೇಡಿ. ಕೋಂ ಎಂದಿದ್ದರೆ ಗಂಡನ ಹೆಸರು, ಬಿನ್ ಎಂದಿದ್ದರೆ ತಂದೆಯದು. ಉತ್ತರದ ಜಿಲ್ಲೆಗಳ ಕಾಗದದಲ್ಲಿ ತಂದೆ, ಗಂಡ ಎಂದೇ ಬರೆದಿರುತ್ತಾರೆ.

ತೆಗೆದದ್ದನ್ನು ಬರೆದಿಡುವಾಗ ಕಂಡದ್ದು ಬೇರೆ, ಲೆಕ್ಕದಿಂದ ತಿಳಿದದ್ದು ಬೇರೆ ಎಂದು ಗುರುತು ಇರಲಿ. ನಾನು ಕಂಡ ಅಂಕಿಯನ್ನು ಹಾಗೇ ಬರೆದು, ಊಹಿಸಿದ ಅಂಕಿಯನ್ನು ಚೌಕ ಕಂಸದಲ್ಲಿ ಹಾಕುತ್ತೇನೆ. ನಿಮ್ಮ ವಿಸ್ತೀರ್ಣ 2-[16] ಆಗುತ್ತದೆ, ಮುಂದೆ ಆಕಾರ ಮತ್ತು ಆಕಾರ್‌ಬಂದ್‌ನಿಂದ ಎಂದು ಕಾರಣ. ಎಕ್ಸೆಲ್‌ನಲ್ಲಿ ಹಾಕುವುದಾದರೆ ಮೊದಲು ಆ ಕಾಲಂ ಅನ್ನು `Text` ಮಾಡಿ. ಇಲ್ಲದಿದ್ದರೆ 2-12 ಎಂದು ಹಾಕಿದ್ದು ತಾರೀಖು ಆಗಿ ಕೂರುತ್ತದೆ. 2-16ನ್ನು 2.16 ಎಂದು ಕೂಡ ಬರೆಯಬೇಡಿ. ಎರಡು ಎಕರೆ ಹದಿನಾರು ಗುಂಟೆ ಅಂದರೆ 2.40 ಎಕರೆ. ಸುಮ್ನೆ ಒಂದು ಚುಕ್ಕೆ ಬದಲಾದರೆ ಸುಮಾರು ಹತ್ತು ಗುಂಟೆ ಹೋಗುತ್ತದೆ.

ಎಲ್ಲ ಮುಗಿದ ಮೇಲೆ ತಿದ್ದಿದ ಚಿತ್ರವನ್ನು ಈ ವಿಷಯ ಏನೂ ಗೊತ್ತಿಲ್ಲದ ಇನ್ನೊಬ್ಬರಿಗೆ ತೋರಿಸಿ. ಕನ್ನಡ ಅಂಕಿ ಓದಲು ಬಂದರೆ ಸಾಕು. 2-16 ಅಂತ ಮೊದಲೇ ಹೇಳಿಬಿಡಬೇಡಿ, ಏನು ಕಾಣುತ್ತದೆ ಎಂದಷ್ಟೇ ಕೇಳಿ. ಇವತ್ತಿನ ಕಂಪ್ಯೂಟರ್ ಪಹಣಿಯನ್ನು ಕೊನೆಗೆ ತೆಗೆದು ನೋಡಿ, ಮೊದಲೇ ಬೇಡ. ಹಳೇ ಪುಸ್ತಕದಿಂದ ಕಂಪ್ಯೂಟರಿಗೆ ಏರಿಸುವಾಗ ಓದಿದವರಿಗೂ ಇದೇ ೩, ೬ ಎದುರಾಗಿರಬಹುದಲ್ವಾ? ಅಲ್ಲಿ ಬೇರೆ ಅಂಕಿ ಇದ್ದರೆ ಅದು ಸರಿ ಎಂದು ನಮ್ಮದನ್ನು ತಿದ್ದಿಕೊಳ್ಳಬೇಡಿ, ಎರಡನ್ನೂ ಬರೆದಿಟ್ಟುಕೊಳ್ಳಿ.

ನಾವು ಬೆಳಗಿಸಿದ ಚಿತ್ರ ನಮ್ಮ ತಿಳುವಳಿಕೆಗೆ ಮಾತ್ರ. ಕಚೇರಿಯಲ್ಲೋ ಕೋರ್ಟಿನಲ್ಲೋ ಬೇಕಾಗುವುದು ದೃಢೀಕೃತ ನಕಲು. ಆದರೆ ಈಗ ನಿಮಗೆ ಏನು ಕೇಳಬೇಕೆಂದು ಗೊತ್ತಿದೆ. ತಾಲ್ಲೂಕು ಕಚೇರಿಯ ಅಭಿಲೇಖಾಲಯದಲ್ಲಿ ಸರ್ವೆ ನಂಬರ್ 83ರ ಎಲ್ಲ ಹಿಸ್ಸಾಗಳ 1968-69ರ ಕೈಬರಹದ ಪಹಣಿ, ಹಕ್ಕು ದಾಖಲೆಯಾದ ಆರ್.ಆರ್. ನಕಲು, ಮತ್ತು 10ನೇ ಕಾಲಂನಲ್ಲಿರುವ ಆ ಎಂ.ಆರ್. ನಕಲು ಕೇಳಿ ಅರ್ಜಿ ಹಾಕಿ. ಎಂ.ಆರ್. ಪುಸ್ತಕದಲ್ಲಿ ಹೆಸರು, ವಿಸ್ತೀರ್ಣ ಎರಡನ್ನೂ ಮತ್ತೆ ಬರೆದಿರುತ್ತಾರೆ. ಬೇರೆ ಪುಸ್ತಕ, ಬೇರೆ ಹಾಳೆ, ಬೇರೆ ಕಡೆ ಮಾಸಿರುತ್ತದೆ. ನಂಜಯ್ಯನವರ ಆ ಯ್ಯ ಅಲ್ಲಿ ಪೂರ್ತಿ ಕಾಣಲೂಬಹುದು. ಎಂ.ಆರ್. ನಂಬರಿನ ಕೊನೆಯ ಅಂಕಿ ನನಗೆ ಈ ಸ್ಕ್ಯಾನಿನಲ್ಲಿ ಸಿಗಲಿಲ್ಲ. ಕಲರ್ ಸ್ಕ್ಯಾನ್ ಮಾಡಿಸಿದ ಮೇಲೆ ಆ ಚೌಕವನ್ನಷ್ಟೇ ಕತ್ತರಿಸಿ ಕಳಿಸಿ, ನೋಡಿ ಹೇಳುತ್ತೇನೆ.